ಪ್ಯಾರಿಟಿ ಶೀಟ್‌ನಲ್ಲಿ ಹಸಿರು ಬಂತು: ಗ್ಯಾಪ್ ನಿಜವೋ, ಲೆಕ್ಕದ ತಪ್ಪೋ?

ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಮೇಲಿನ ಮನೆ ಕಾಕಾ ಬ್ಯಾಂಕಿನಿಂದ ರಿಟೈರ್ ಆದವರು, ಧಾರವಾಡ ಕಡೆಯವರು. ಒಂದು ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಕೆಳಗೆ ಬಂದರು. "ಇಲ್ಲಿ ನೋಡಪಾ, ನಿಫ್ಟಿ ಆಪ್ಷನ್‌ನ್ಯಾಗ ಪುಕ್ಕಟೆ ರೊಕ್ಕ ಬಿದ್ದದ. ಒಂದು ಲಾಟಿಗೆ ಎರಡು ಸಾವಿರ!" ಅವರ ಶೀಟ್‌ನ ಒಂದು ಕಾಲಂ ಪೂರ್ತಿ ಹಸಿರು ಬಣ್ಣದಲ್ಲಿತ್ತು. ಕಾಲ್ ಮತ್ತು ಪುಟ್ ಆಪ್ಷನ್‌ಗಳ ಬೆಲೆ ಒಂದಕ್ಕೊಂದು ಹೇಗೆ ಹೊಂದಬೇಕು ಅಂತ ಹೇಳುವ ಪುಟ್-ಕಾಲ್ ಪ್ಯಾರಿಟಿ ಸೂತ್ರ ಹಾಕಿ, ಅದಕ್ಕೂ ಮಾರ್ಕೆಟ್ ಬೆಲೆಗೂ ನಡುವೆ 28 ಪಾಯಿಂಟ್ ಗ್ಯಾಪ್ ಹಿಡಿದಿದ್ದರು.

ನಾನು ಮುಂಬೈನ ಫೋರ್ಟ್‌ನಲ್ಲಿ ಒಂದು ಬ್ರೋಕಿಂಗ್ ಆಫೀಸಿನ ಸ್ವಂತ ದುಡ್ಡಿನ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ಹಸಿರು ದಿನಾ ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಕೆಟ್ಟಿರುವುದು ಮಾರ್ಕೆಟ್ ಅಲ್ಲ, ಶೀಟ್. ಎಲ್ಲಿ ಕೆಟ್ಟಿದೆ ಅಂತ ಹುಡುಕುವ ಕ್ರಮವನ್ನು ಕಾಕಾನ ಶೀಟ್ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಬೆಲೆಗಳು ಯಾವುದೋ ಒಂದು ನಿಜವಾದ ದಿನದವಲ್ಲ, ಲೆಕ್ಕ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ. ಲಾಟ್ ಸೈಜ್, ಅಂದ್ರೆ ಒಂದು ಸಲಕ್ಕೆ ಕೊಳ್ಳಬೇಕಾದ ಕಟ್ಟಿನ ಗಾತ್ರ, ಮತ್ತು ತೆರಿಗೆ ದರ 2025ರ ಆರಂಭದಲ್ಲಿ ಇದ್ದಂಥವು. ಇವೆರಡೂ ಆಗಾಗ ಬದಲಾಗುತ್ತವೆ, ಹಾಗಾಗಿ ನಿಮ್ಮ ದಿನದ ದರ ನೋಡಿಕೊಂಡು ಹಾಕಿ.

ಮೊದಲು, ಸರಿಯಿದ್ದಾಗ ಹೇಗಿರಬೇಕು

ಕಾಲ್ ಅಂದ್ರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು, ಪುಟ್ ಅಂದ್ರೆ ಮಾರುವ ಹಕ್ಕು. ಆ ಬೆಲೆಯೇ ಸ್ಟ್ರೈಕ್, ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಎರಡಕ್ಕೂ ಒಂದೇ ಸ್ಟ್ರೈಕ್, ಒಂದೇ ಎಕ್ಸ್‌ಪೈರಿ ಇರಲಿ. ಕಾಲ್ ಕೊಂಡು ಪುಟ್ ಮಾರಿದಿರಿ ಅನ್ನಿ. ಕೊನೆಯ ದಿನ ನಿಫ್ಟಿ ಸ್ಟ್ರೈಕ್‌ಗಿಂತ ಮೇಲಿದ್ದರೆ ಕಾಲ್ ನಿಮಗೆ ದುಡ್ಡು ತರುತ್ತದೆ. ಕೆಳಗಿದ್ದರೆ ಮಾರಿದ ಪುಟ್ ನಿಮ್ಮಿಂದ ದುಡ್ಡು ಕೀಳುತ್ತದೆ. ಎರಡೂ ಕಡೆ ಸಿಗುವುದು ಒಂದೇ: ಆ ದಿನದ ನಿಫ್ಟಿ ಕಳೆ ಸ್ಟ್ರೈಕ್. ಅಂದ್ರೆ ನೀವು ಸ್ಟ್ರೈಕ್ ಬೆಲೆಗೆ ನಿಫ್ಟಿ ಕೊಳ್ಳಲು ಇವತ್ತೇ ಒಪ್ಪಿಕೊಂಡ ಹಾಗೆ. ಹಾಗಾದರೆ ಕಾಲ್ ಮತ್ತು ಪುಟ್ ಬೆಲೆಗಳ ವ್ಯತ್ಯಾಸವು, ನಿಫ್ಟಿ ಬೆಲೆಯಿಂದ ಸ್ಟ್ರೈಕ್‌ನ ಇವತ್ತಿನ ಬೆಲೆ ಕಳೆದರೆ ಬರುವ ಅಂಕಿಗೆ ಸಮ ಇರಲೇಬೇಕು.

```
C - P = S - K*e^(-r*T)        (ಸ್ಪಾಟ್ ಇಟ್ಟುಕೊಂಡು)
C - P = (F - K)*e^(-r*T)      (ಫ್ಯೂಚರ್ ಇಟ್ಟುಕೊಂಡು)
```

`C` ಕಾಲ್ ಬೆಲೆ, `P` ಪುಟ್ ಬೆಲೆ, `K` ಸ್ಟ್ರೈಕ್. `S` ಸ್ಪಾಟ್, ಅಂದ್ರೆ ನಿಫ್ಟಿಯ ಈಗಿನ ಬೆಲೆ. `F` ಫ್ಯೂಚರ್, ಅಂದ್ರೆ ಮುಂದಿನ ಒಂದು ದಿನಕ್ಕೆ ಇವತ್ತೇ ಒಪ್ಪಿಕೊಳ್ಳುವ ಬೆಲೆ. `r` ಬಡ್ಡಿ, `T` ವರ್ಷದ ಲೆಕ್ಕದಲ್ಲಿ ಉಳಿದ ಸಮಯ. ಇದು ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಆಪ್ಷನ್‌ಗೆ ಮಾತ್ರ ಸರಿಯಾಗಿ ಕೂರುತ್ತದೆ. ನಿಫ್ಟಿ ಆಪ್ಷನ್ ಅಂಥದ್ದೇ. ಎನ್‌ಎಸ್‌ಇಯ ಷೇರು ಆಪ್ಷನ್‌ಗಳೂ 2011ರಿಂದ ಹಾಗೇ ಇವೆ. ಸ್ಕ್ರೀನಿನಲ್ಲಿ ಕಾಣುವ `CE`, `PE` ಎರಡರಲ್ಲೂ ಆ `E` ಅದಕ್ಕೇ ಇರುವುದು.

ದಲಾಲ್ ಸ್ಟ್ರೀಟ್‌ಗೆ ಈ ಜೋಡಿ ಹೊಸದಲ್ಲ. ಹಳೆಯ ಬಜಾರಿನಲ್ಲಿ ಕಾಲ್‌ಗೆ ತೇಜಿ, ಪುಟ್‌ಗೆ ಮಂದಿ ಅನ್ನುತ್ತಿದ್ದರು. 1956ರ ಕಾನೂನು ಅದನ್ನು ನಿಲ್ಲಿಸಿತು. ಎನ್‌ಎಸ್‌ಇಯಲ್ಲಿ ಇಂಡೆಕ್ಸ್ ಆಪ್ಷನ್ ಶುರುವಾದದ್ದು 2001ರಲ್ಲಿ.

ಲಕ್ಷಣ 1: ಒಂದೇ ಸ್ಟ್ರೈಕ್‌ನಲ್ಲಿ ದೊಡ್ಡ ಗ್ಯಾಪ್, ಕಣ್ಣೆದುರೇ ಹೋಗಿ ಬರುತ್ತದೆ

ಖರ್ಚಿಲ್ಲದ ಪರೀಕ್ಷೆ ಇದು, ಮೊದಲು ಇದನ್ನೇ ಮಾಡಿ. ಶೀಟ್‌ಗೆ ಯಾವ ಬೆಲೆ ಬರುತ್ತಿದೆ ನೋಡಿ. ಎಲ್‌ಟಿಪಿ, ಅಂದ್ರೆ ಕೊನೆಯ ವಹಿವಾಟಿನ ಬೆಲೆ ಇದ್ದರೆ ಅಲ್ಲೇ ನಿಲ್ಲಿ. ಕಾಲ್‌ನ ಕೊನೆಯ ವಹಿವಾಟು ಈಗ ಆಗಿರಬಹುದು, ಪುಟ್‌ನದು ಎರಡು ನಿಮಿಷದ ಹಿಂದಿನದಿರಬಹುದು. ಆ ಎರಡು ನಿಮಿಷದಲ್ಲಿ ನಿಫ್ಟಿ 20 ಪಾಯಿಂಟ್ ಸರಿದಿದ್ದರೆ ನಿಮ್ಮ ಗ್ಯಾಪ್ ಅಷ್ಟೇ. ಬೇರೆ ಬೇರೆ ಹೊತ್ತಿನ ಫೋಟೋಗಳನ್ನು ಅಂಟಿಸಿ ನೋಡಿದ ಹಾಗೆ.

ಕಾಕಾನ ಶೀಟ್‌ನಲ್ಲಿ ನಡೆದದ್ದು ಇದೇ. ಸ್ಟ್ರೈಕ್ 23,500, ಸ್ಪಾಟ್ 23,500, ಉಳಿದ ದಿನ 28, ಬಡ್ಡಿ 6.5%. ಸ್ಟ್ರೈಕ್‌ನ ಇವತ್ತಿನ ಬೆಲೆ 23,383.1. ಹಾಗಾಗಿ ಕಾಲ್ ಕಳೆ ಪುಟ್ 116.9 ಇರಬೇಕು. ಎಲ್‌ಟಿಪಿ ಪ್ರಕಾರ ಕಾಲ್ 410, ಪುಟ್ 265, ವ್ಯತ್ಯಾಸ 145. ಗ್ಯಾಪ್ 28.1. ಅವರ ಎರಡು ಸಾವಿರ ಬಂದದ್ದು ಇಲ್ಲಿಂದ.

ಅವರು ಕೊಳ್ಳುವವರ, ಮಾರುವವರ ಬೆಲೆ ತೋರಿಸುವ ಡೆಪ್ತ್ ವಿಂಡೋದ ಅದೇ ಕ್ಷಣದ ಸ್ಕ್ರೀನ್‌ಶಾಟ್ ಕೂಡ ಇಟ್ಟಿದ್ದರು, ಅದು ಪುಣ್ಯ. ಅದರಲ್ಲಿ ಕಾಲ್ ಬಿಡ್ 396, ಆಸ್ಕ್ 400. ಪುಟ್ ಬಿಡ್ 270, ಆಸ್ಕ್ 274. ನಾವು ಮಾರುವುದು ಬಿಡ್‌ಗೆ, ಕೊಳ್ಳುವುದು ಆಸ್ಕ್‌ಗೆ. ಕಾಲ್ ಮಾರಿದರೆ 396 ಬರುತ್ತದೆ, ಪುಟ್ ಕೊಂಡರೆ 274 ಹೋಗುತ್ತದೆ, ಕೈಗೆ 122. ಆ ಕ್ಷಣದ ಫ್ಯೂಚರ್ ಆಸ್ಕ್ 23,622. ಎರಡನೆಯ ಸೂತ್ರದಲ್ಲಿ ಹಾಕಿದರೆ ಇರಬೇಕಾದದ್ದು 121.4. ಗ್ಯಾಪ್ ಅರ್ಧ ಪಾಯಿಂಟ್ ಚಿಲ್ಲರೆ. 75ರ ಲಾಟಿಗೆ 45 ರೂಪಾಯಿ. ಬ್ರೋಕರೇಜ್‌ಗೂ ಸಾಲದು.

ಶೀಟ್‌ನಲ್ಲಿ ಒಂದು ಸೆಲ್ ಬದಲು ಎರಡು ಬೇಕು, ದಿಕ್ಕಿಗೊಂದು:

```
ಮಾರು ಕಾಲ್, ಕೊಳ್ಳು ಪುಟ್, ಕೊಳ್ಳು ಫ್ಯೂಚರ್:
= (C_bid - P_ask) - (F_ask - K)*EXP(-r*T)

ಕೊಳ್ಳು ಕಾಲ್, ಮಾರು ಪುಟ್, ಮಾರು ಫ್ಯೂಚರ್:
= (F_bid - K)*EXP(-r*T) - (C_ask - P_bid)
```

ಯಾವುದಾದರೂ ಒಂದು ಸೊನ್ನೆಗಿಂತ ಮೇಲೆ ಬಂದರೆ ಮಾತ್ರ ಮುಂದಿನ ಲಕ್ಷಣಕ್ಕೆ ಹೋಗಿ. ಎರಡೂ ಮೈನಸ್ ಇದ್ದರೆ ಮಾರ್ಕೆಟ್ ಸರಿಯಾಗಿಯೇ ಇದೆ, ಚಹಾ ಕುಡಿಯಿರಿ.

ಲಕ್ಷಣ 2: ಎಲ್ಲ ಸ್ಟ್ರೈಕ್‌ನಲ್ಲೂ ಹೆಚ್ಚುಕಮ್ಮಿ ಅಷ್ಟೇ ಗ್ಯಾಪ್, ಒಂದೇ ಕಡೆಗೆ

ಇದು ನನಗೆ ತುಂಬಾ ಇಷ್ಟದ ಸುಳಿವು, ಯಾಕಂದ್ರೆ ಕಾರಣ ತಾನೇ ಹೇಳಿಬಿಡುತ್ತದೆ. 23,000ದಲ್ಲೂ 18, 23,500ರಲ್ಲೂ 18, 24,000ದಲ್ಲೂ 18. ಮಾರ್ಕೆಟ್ ತಪ್ಪು ಮಾಡಿದರೆ ಒಂದೋ ಎರಡೋ ಸ್ಟ್ರೈಕ್‌ನಲ್ಲಿ ಮಾಡುತ್ತದೆ. ಇಡೀ ಸಾಲು ಒಟ್ಟಿಗೆ ಸರಿದಿದೆ ಅಂದ್ರೆ ನೀವು ಹಾಕಿದ ಯಾವುದೋ ಅಂಕಿ ತಪ್ಪಿದೆ.

ಸ್ಪಾಟ್ ಸೂತ್ರದಲ್ಲಿ ಬಡ್ಡಿಯ ಮೇಲೆ ಅನುಮಾನ ಪಡಿ. ಬಡ್ಡಿಯನ್ನು ಒಂದು ಪರ್ಸೆಂಟ್ ತಪ್ಪು ಹಾಕಿದರೆ 28 ದಿನಕ್ಕೆ 23,500ರ ಮೇಲೆ ಸುಮಾರು 18 ಪಾಯಿಂಟ್ ಗ್ಯಾಪ್ ಬರುತ್ತದೆ. ದಿನ ಒಂದು ತಪ್ಪಿದರೆ 4 ಪಾಯಿಂಟ್. 28/365 ಬದಲು ವಹಿವಾಟಿನ ದಿನ ಎಣಿಸಿ 21/252 ಹಾಕುವವರೂ ಇದ್ದಾರೆ, ಅದೊಂದರಿಂದಲೇ 10 ಪಾಯಿಂಟ್. ಬಡ್ಡಿ ಶನಿವಾರ ಭಾನುವಾರವೂ ಓಡುತ್ತದೆ, ಕ್ಯಾಲೆಂಡರ್ ದಿನವನ್ನೇ ಎಣಿಸಿ.

ಮದ್ದು ಸುಲಭ. ಸ್ಪಾಟ್ ಬಿಟ್ಟು ಫ್ಯೂಚರ್ ಸೂತ್ರಕ್ಕೆ ಬನ್ನಿ. ಫ್ಯೂಚರ್ ಬೆಲೆಯೊಳಗೆ ಬಡ್ಡಿ, ಡಿವಿಡೆಂಡ್ ಎರಡೂ ಆಗಲೇ ಸೇರಿರುತ್ತವೆ. ಅಲ್ಲಿ ಬಡ್ಡಿ ಗುಣಿಸುವುದು ಇಡೀ 23,500ನ್ನಲ್ಲ, `F - K` ಅನ್ನುವ ಸಣ್ಣ ವ್ಯತ್ಯಾಸವನ್ನು. ಅದು 120 ಇದ್ದರೆ ಒಂದು ಪರ್ಸೆಂಟ್ ತಪ್ಪಿದರೂ ಗ್ಯಾಪ್ ಬದಲಾಗುವುದು 9 ಪೈಸೆಯಷ್ಟು. ಬದಲಾಯಿಸಿದ ಕೂಡಲೇ ಇಡೀ ಸಾಲಿನ ಹಸಿರು ಆರಿಹೋದರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. ಅಲ್ಲದೆ ನಿಫ್ಟಿ ಸ್ಪಾಟ್ ಅನ್ನುವುದನ್ನು ಕೊಳ್ಳಲು ಆಗುವುದಿಲ್ಲ, 50 ಷೇರು ಬುಟ್ಟಿ ತುಂಬಿಸಬೇಕು. ಫ್ಯೂಚರ್ ಒಂದೇ ಆರ್ಡರ್.

ಒಂದು ಎಚ್ಚರ. ಫ್ಯೂಚರ್ ಮತ್ತು ಆಪ್ಷನ್ ಒಂದೇ ದಿನ ಮುಗಿಯಬೇಕು. ನಿಫ್ಟಿಗೆ ವಾರದ ಆಪ್ಷನ್ ಇದೆ, ವಾರದ ಫ್ಯೂಚರ್ ಇಲ್ಲ. ವಾರದ ಆಪ್ಷನ್ ಪಕ್ಕ ತಿಂಗಳ ಫ್ಯೂಚರ್ ಇಟ್ಟರೆ ಮತ್ತೆ ಇಡೀ ಸಾಲು ಸರಿಯುತ್ತದೆ. ಆಗ ಚೆನ್ನಾಗಿ ವಹಿವಾಟು ನಡೆಯುವ ಒಂದು ಸ್ಟ್ರೈಕ್‌ನ ಕಾಲ್-ಪುಟ್‌ನಿಂದಲೇ ಫಾರ್ವರ್ಡ್ ಬೆಲೆ ತೆಗೆದು, ಅದರ ಜೊತೆ ಉಳಿದ ಸ್ಟ್ರೈಕ್‌ಗಳನ್ನು ಹೋಲಿಸಬೇಕು.

ಲಕ್ಷಣ 3: ಷೇರು ಆಪ್ಷನ್‌ನಲ್ಲಿ ಪುಟ್ ಯಾವಾಗಲೂ ದುಬಾರಿ

ಉದಾಹರಣೆಗೆ ಷೇರು 1,200, ಸ್ಟ್ರೈಕ್ 1,200, 28 ದಿನ. ಕಾಲ್ ಪುಟ್‌ಗಿಂತ 6 ರೂಪಾಯಿ ಜಾಸ್ತಿ ಇರಬೇಕು. ನೋಡಿದರೆ ಕಾಲ್ 30, ಪುಟ್ 42. 18 ರೂಪಾಯಿ ಗ್ಯಾಪ್. ಆರ್ಡರ್ ಹಾಕುವ ಮುಂಚೆ ಕಂಪನಿ ಡಿವಿಡೆಂಡ್ ಘೋಷಿಸಿದೆಯಾ ನೋಡಿ. ಎಕ್ಸ್‌ಪೈರಿಗೆ ಮುಂಚೆ 18 ರೂಪಾಯಿ ಡಿವಿಡೆಂಡ್‌ನ ಎಕ್ಸ್-ಡೇಟ್, ಅಂದ್ರೆ ಷೇರು ಡಿವಿಡೆಂಡ್ ಬಿಟ್ಟು ವಹಿವಾಟಾಗುವ ದಿನ, ಬಿದ್ದಿದ್ದರೆ ಗ್ಯಾಪ್ ಇಲ್ಲವೇ ಇಲ್ಲ. ಷೇರಿನಿಂದ 18 ಹೊರಗೆ ಹೋಗುತ್ತದೆ ಅಂತ ಮಾರ್ಕೆಟ್‌ಗೆ ಗೊತ್ತು, ನಿಮ್ಮ ಶೀಟ್‌ಗೆ ಗೊತ್ತಿಲ್ಲ ಅಷ್ಟೇ. ಸ್ಪಾಟ್‌ನಿಂದ ಡಿವಿಡೆಂಡ್‌ನ ಇವತ್ತಿನ ಬೆಲೆ ಕಳೆದು ಮತ್ತೆ ಲೆಕ್ಕ ಹಾಕಿ. ತೀರಾ ದೊಡ್ಡ ಡಿವಿಡೆಂಡ್ ಆದರೆ ಎಕ್ಸ್‌ಚೇಂಜ್ ಸ್ಟ್ರೈಕನ್ನೇ ಇಳಿಸುತ್ತದೆ. ಸಣ್ಣದಕ್ಕೆ ಇಳಿಸುವುದಿಲ್ಲ, ಮೋಸ ಹೋಗುವುದು ಈ ಸಣ್ಣದರಲ್ಲೇ.

ಡಿವಿಡೆಂಡ್ ಇಲ್ಲದೆಯೂ ಪುಟ್ ದುಬಾರಿ ಇದ್ದರೆ? ಆ ಗ್ಯಾಪ್ ಹಿಡಿಯಲು ಷೇರು ಮಾರಬೇಕು. ಕೈಯಲ್ಲಿಲ್ಲದ ಷೇರನ್ನು ಮಾರಿ ರಾತ್ರಿ ದಾಟಿಸಲು ನಮ್ಮಲ್ಲಿ ಷೇರು ಸಾಲ ಪಡೆಯುವ ವ್ಯವಸ್ಥೆಗೇ ಹೋಗಬೇಕು, ಅದಕ್ಕೆ ಬಾಡಿಗೆ ಬೇರೆ. ಎಷ್ಟೋ ಸಲ ಗ್ಯಾಪ್ ಅಷ್ಟೂ ಆ ಬಾಡಿಗೆಯೇ ಆಗಿರುತ್ತದೆ. ಅದೂ ಅಲ್ಲದೆ 2019ರ ಅಕ್ಟೋಬರ್‌ನಿಂದ ಷೇರು ಆಪ್ಷನ್‌ಗಳೆಲ್ಲ ಕೊನೆಗೆ ಷೇರು ಕೊಟ್ಟು ತೆಗೆದುಕೊಂಡೇ ಮುಗಿಯುತ್ತವೆ. ಮನೆಯಿಂದ ಮಾಡುವವರು ಇಲ್ಲಿಗೇ ಬಿಟ್ಟು ಇಂಡೆಕ್ಸ್‌ಗೆ ವಾಪಸ್ ಬರುವುದು ಒಳ್ಳೆಯದು.

ಲಕ್ಷಣ 4: ಎಲ್ಲ ಪರೀಕ್ಷೆ ಮುಗಿದ ಮೇಲೂ ಗ್ಯಾಪ್ ಉಳಿದಿದೆ

ಈಗ ಲಾಭ ಲೆಕ್ಕ ಹಾಕಬಹುದು, ಗ್ಯಾಪ್‌ನಿಂದ ಹೀಗೆ ಲಾಭ ತೆಗೆಯುವುದಕ್ಕೆ ಆರ್ಬಿಟ್ರೇಜ್ ಅನ್ನುತ್ತಾರೆ. ಇಂಥ ಗ್ಯಾಪ್ ಸಾಮಾನ್ಯವಾಗಿ 23,500ರಂಥ ದುಂಡನೆಯ ಸ್ಟ್ರೈಕ್‌ನಲ್ಲಿ ಸಿಗುವುದಿಲ್ಲ, ಪಕ್ಕದ 23,450ರಂಥ ಸಂದಿಯಲ್ಲಿ ಸಿಗುತ್ತದೆ. ಯಾರೋ ಒಬ್ಬರು ಅವಸರದಲ್ಲಿ ದೊಡ್ಡ ಆರ್ಡರ್ ತಳ್ಳಿರುತ್ತಾರೆ.

ಕಾಲ್ ಬಿಡ್ 446. ಪುಟ್ ಆಸ್ಕ್ 248. ಫ್ಯೂಚರ್ ಆಸ್ಕ್ 23,620. ವ್ಯತ್ಯಾಸ 198. ಇರಬೇಕಾದದ್ದು 170ರ ಇವತ್ತಿನ ಬೆಲೆ, 169.2. ಗ್ಯಾಪ್ 28.8. ಕಾಲ್ ದುಬಾರಿ, ಹಾಗಾಗಿ ಕಾಲ್ ಮಾರಿ, ಪುಟ್ ಕೊಂಡು, ಫ್ಯೂಚರ್ ಕೊಳ್ಳಬೇಕು.

ಕೊನೆಯ ದಿನ ನಿಫ್ಟಿ 22,500ಕ್ಕೆ ಬಿತ್ತು ಅನ್ನಿ. ಫ್ಯೂಚರ್‌ನಲ್ಲಿ 1,120 ನಷ್ಟ, ಪುಟ್‌ನಿಂದ 950 ಬಂತು, ಕಾಲ್ ಸತ್ತಿತು, ಮೊದಲೇ ಬಂದ ಪ್ರೀಮಿಯಂ 198. ಕೂಡಿ ಕಳೆದರೆ 28. ಈಗ 24,500ಕ್ಕೆ ಏರಿತು ಅನ್ನಿ. ಫ್ಯೂಚರ್‌ನಲ್ಲಿ 880 ಲಾಭ, ಕಾಲ್‌ನಲ್ಲಿ 1,050 ನಷ್ಟ, ಪ್ರೀಮಿಯಂ 198. ಮತ್ತೆ 28. ಎರಡು ಅಂಕಿ ಬೇರೆ ಬೇರೆ ಬಂದರೆ ನೀವು ಮೂರರಲ್ಲಿ ಯಾವುದೋ ಒಂದು ವಹಿವಾಟಿನ ದಿಕ್ಕು ತಿರುಗಿಸಿದ್ದೀರಿ. ಇದನ್ನು ಕಾಗದದ ಮೇಲೆ ಮಾಡದೆ ಆರ್ಡರ್ ಹಾಕಲೇಬೇಡಿ.

28 ಇಂಟು 75, ಅಂದ್ರೆ 2,100 ರೂಪಾಯಿ. ಮುಂಚೆ ಬಂದ ಪ್ರೀಮಿಯಂ ಮೇಲಿನ ಬಡ್ಡಿಯನ್ನು ಬಿಟ್ಟಿದ್ದೇನೆ, ಅದು ಹೆಚ್ಚುಕಮ್ಮಿ ಒಂದು ಪಾಯಿಂಟ್. ಯಾಕಂದ್ರೆ ಆ ದುಡ್ಡು ಮಾರ್ಜಿನ್‌ನಲ್ಲಿ, ಅಂದ್ರೆ ಬ್ರೋಕರ್ ಹತ್ತಿರ ಇಡುವ ಠೇವಣಿಯಲ್ಲಿ, ಸಿಕ್ಕಿಕೊಂಡಿರುತ್ತದೆ.

ಇನ್ನು ಖರ್ಚು. 2024ರ ಅಕ್ಟೋಬರ್ 1ರಿಂದ ಇದ್ದ ದರದಲ್ಲಿ, ಮಾರಿದ ಕಾಲ್‌ನ ಪ್ರೀಮಿಯಂ ಮೇಲೆ 0.1% ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ, 33 ರೂಪಾಯಿ. ಫ್ಯೂಚರನ್ನು ಕೊನೆಯಲ್ಲಿ ಮಾರಿ ಹೊರಬಂದರೆ 0.02%, ನೋಡಲು ಸಣ್ಣದು, ಆದರೆ ಹದಿನೇಳು ಲಕ್ಷ ಚಿಲ್ಲರೆಯ ಮೇಲೆ ಬೀಳುವುದರಿಂದ 354. ಎಕ್ಸ್‌ಚೇಂಜ್ ಶುಲ್ಕ 79. ಆರ್ಡರಿಗೆ 20ರಂತೆ ನಾಲ್ಕು ಆರ್ಡರ್, 80. ಇವುಗಳ ಮೇಲೆ ಜಿಎಸ್‌ಟಿ 29. ಸ್ಟಾಂಪ್ ಡ್ಯೂಟಿ ಮತ್ತು ಸೆಬಿ ಶುಲ್ಕ ಸೇರಿ 40. ಒಟ್ಟು 615. ನಿಫ್ಟಿ 22,500ಕ್ಕೆ ಬಿದ್ದು ಪುಟ್ ಚಲಾವಣೆಯಾದರೆ ಅದರ ಮೌಲ್ಯದ ಮೇಲೆ 0.125%, ಇನ್ನೊಂದು 89. ನೋಡಿ, ಲಾಭ ಲಾಕ್ ಆಗಿದೆ ಅಂದ್ರೂ ತೆರಿಗೆ ಮಾತ್ರ ನಿಫ್ಟಿ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ಉಳಿದದ್ದು 1,396ರಿಂದ 1,485. ಇಷ್ಟಕ್ಕೆ ಮುಗಿಯಲಿಲ್ಲ. ಮಾರ್ಜಿನ್ ಮತ್ತು ಕೈಕಾಸು ಸೇರಿ ಒಂದೂವರೆ ಲಕ್ಷ 28 ದಿನ ಕಟ್ಟಿಹಾಕಿದಿರಿ ಅಂತಿಟ್ಟುಕೊಂಡರೆ, 6.5% ಬಡ್ಡಿಯಲ್ಲಿ ಅದರ ಬೆಲೆ ಸುಮಾರು 750. ಅದನ್ನೂ ಕಳೆದರೆ ಕೈಗೆ ಬರುವುದು 650ರಿಂದ 740 ರೂಪಾಯಿ. 28 ಪಾಯಿಂಟ್ ಗ್ಯಾಪ್‌ನ ಕಥೆ ಇದು. ಖರ್ಚು ಮತ್ತು ಬಡ್ಡಿಗೇ 18ರಿಂದ 20 ಪಾಯಿಂಟ್ ಹೋಗುತ್ತದೆ. ಹಾಗಾಗಿ ಕಾಕಾನ ಶೀಟ್‌ನಲ್ಲಿ ಹಸಿರು ಬರುವ ಮಿತಿಯನ್ನು ಸೊನ್ನೆಯಿಂದ 20ಕ್ಕೆ ಎತ್ತಿಟ್ಟೆ.

ಲಕ್ಷಣ 5: ಲಾಭ ಗಟ್ಟಿ, ಆದರೂ ಖಾತೆಯಲ್ಲಿ ದುಡ್ಡು ಕರಗುತ್ತಿದೆ

ಇದು ದೋಷವಲ್ಲ, ಆದರೆ ಗಾಬರಿ ಹುಟ್ಟಿಸುತ್ತದೆ. ಫ್ಯೂಚರ್‌ನ ನಷ್ಟವನ್ನು ದಿನಾ ಸಂಜೆ ನಗದಾಗಿ ಕಟ್ಟಬೇಕು. ಪುಟ್‌ನ ಲಾಭ ಎಕ್ಸ್‌ಪೈರಿವರೆಗೆ ಬರೀ ಸ್ಕ್ರೀನಿನ ಮೇಲಿರುತ್ತದೆ. ನಿಫ್ಟಿ 1,000 ಪಾಯಿಂಟ್ ಬಿದ್ದರೆ ಒಂದು ಲಾಟಿಗೆ 75,000 ರೂಪಾಯಿ ಖಾತೆಯಿಂದ ಹೋಗುತ್ತದೆ. ವಾಪಸ್ ಬರುವುದು ಕೊನೆಯ ದಿನ. ಕೈಕಾಸು ಅಂದೆನಲ್ಲ, ಅದು ಇದಕ್ಕೇ.

ಆ ದುಡ್ಡು ಕಟ್ಟದಿದ್ದರೆ ಬ್ರೋಕರ್ ಸಿಸ್ಟಮ್ ತಾನೇ ಮೂರರಲ್ಲಿ ಯಾವುದೋ ಒಂದು ವಹಿವಾಟನ್ನು ಕತ್ತರಿಸುತ್ತದೆ. ಫ್ಯೂಚರ್ ಹೋದರೆ ನಿಮ್ಮ ಹತ್ತಿರ ಉಳಿಯುವುದು ಬರಿಯ ಮಾರಿದ ಕಾಲ್ ಮತ್ತು ಒಂದು ಪುಟ್. ಮಾರ್ಕೆಟ್ ತಿರುಗಿ ಏರಿದರೆ ಆ ನಷ್ಟಕ್ಕೆ ಮಿತಿಯೇ ಇಲ್ಲ. ಬ್ರೋಕರ್ ಇನ್ನಷ್ಟು ಮಾರ್ಜಿನ್ ಕೇಳಿದ ದಿನ ದುಡ್ಡು ಹಾಕಲು ಆಗದಿದ್ದರೆ ಕಾಯಬೇಡಿ, ಮೂರೂ ವಹಿವಾಟನ್ನು ಒಟ್ಟಿಗೆ ನೀವೇ ಮುಚ್ಚಿ.

ಎಲ್ಲಿ ನಿಲ್ಲಿಸಬೇಕು

ಡೆಪ್ತ್‌ನಲ್ಲಿ ಬಿಡ್ ಪಕ್ಕ ಒಂದೇ ಲಾಟ್ ಇದ್ದರೆ, ಎರಡನೆಯ ಲಾಟಿಗೆ ಅದೇ ಬೆಲೆ ಇದೆ ಅಂತ ಲೆಕ್ಕ ಹಾಕಬೇಡಿ. ಬಿಡ್-ಆಸ್ಕ್ ನಡುವೆ 10 ಪಾಯಿಂಟ್‌ಗಿಂತ ಜಾಸ್ತಿ ಅಂತರ ಇದ್ದರೂ ಬಿಡಿ, ಹೊರಬರುವಾಗ ಅದೇ ಕಚ್ಚುತ್ತದೆ. ಈ ವಹಿವಾಟನ್ನು ವರ್ಷದ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಆದಾಯ ಅಂತ ತೋರಿಸಬೇಕು, ಮೊದಲ ಸಲ ಮಾಡುವವರು ಒಬ್ಬ ಸಿಎ ಹತ್ತಿರ ಕೇಳಿಕೊಂಡೇ ಶುರು ಮಾಡಿ. ಬ್ರೋಕರ್ ಹತ್ತಿರ ಮೂರು ವಹಿವಾಟಿಗೂ ಸೇರಿ ಎಷ್ಟು ಮಾರ್ಜಿನ್ ಅಂತ ಆರ್ಡರ್ ಹಾಕುವ ಮುಂಚೆ ಬಾಸ್ಕೆಟ್‌ನಲ್ಲಿ ನೋಡಿ. ಮೊದಲು ಫ್ಯೂಚರ್ ಮತ್ತು ಪುಟ್ ಕೊಂಡು ಆಮೇಲೆ ಕಾಲ್ ಮಾರಿದರೆ ಸಾಮಾನ್ಯವಾಗಿ ಮಾರ್ಜಿನ್ ಕಡಿಮೆ ಕೇಳುತ್ತದೆ. ಆದರೆ ಸಿಗುವುದು ಕಷ್ಟ ಇರುವ ವಹಿವಾಟನ್ನು ಮೊದಲು ಹಿಡಿಯುವುದು ಇನ್ನೂ ಮುಖ್ಯ. ಫ್ಯೂಚರ್ ಯಾವಾಗ ಬೇಕಾದರೂ ಸಿಗುತ್ತದೆ, ದುಬಾರಿ ಕಾಲ್ ಬಿಡ್ ಸಿಗುವುದಿಲ್ಲ.

ಇದನ್ನು ನಾನು ಕಲಿತದ್ದು ಡೆಸ್ಕ್‌ಗೆ ಸೇರಿದ ಮೊದಲ ತಿಂಗಳು. ಮೇಲಿನ ಹಾಗೇ ಒಂದು ಗ್ಯಾಪ್. ಸುಲಭ ಅಂತ ಮೊದಲು ಫ್ಯೂಚರ್ ಕೊಂಡೆ. ಪುಟ್‌ಗೆ ಆರ್ಡರ್ ಟೈಪ್ ಮಾಡುವಷ್ಟರಲ್ಲಿ ಕಾಲ್ ಬಿಡ್ ಮಾಯ. ಬೇರೆ ಯಾರದೋ ಮಷೀನು ತಿಂದುಬಿಟ್ಟಿತ್ತು. ನಿಫ್ಟಿ ಇಳಿಯತೊಡಗಿತು. ಬಿಡ್ ವಾಪಸ್ ಬರುತ್ತದೆ ಅಂತ ನಾಲ್ಕು ನಿಮಿಷ ಕಾದೆ. ಪಕ್ಕದ ಟೇಬಲ್‌ನ ಹಿರಿಯರು ತಲೆ ಎತ್ತದೆಯೇ ಕೇಳಿದರು, "ಈಗ ನಿಮ್ಮ ಹತ್ತಿರ ಇರೋದು ಆರ್ಬಿಟ್ರೇಜಾ, ಬರೀ ಫ್ಯೂಚರಾ?" ಫ್ಯೂಚರ್ ಮಾರಿ ಹೊರಬಂದೆ. 19 ಪಾಯಿಂಟ್ ಹೋಯಿತು, ಒಂದು ಲಾಟಿಗೆ.